ಪಟ್ಟಾಭಿಷೇಕದ ಪುಟ ಬರೆಯುತ್ತಾ ಕಲಿತ ಪಾಠಗಳು

ಮಕ್ಕಳ ಸಚಿತ್ರ ರಾಮಾಯಣಗಳಿಗೆ ಕಥೆಯ ಜೊತೆಗೆ ದೃಶ್ಯ ವಿವರಣೆಯನ್ನೂ ಬರೆದುಕೊಡುವುದು ನನ್ನ ಕೆಲಸ. ಕಥೆ ಓದುಗರ ಕೈಗೆ ಹೋಗುತ್ತದೆ. ವಿವರಣೆ ಹೋಗುವುದು ಕಲಾವಿದರ ಮೇಜಿಗೆ ಮಾತ್ರ. ಯಾರು ಎಲ್ಲಿ ಕುಳಿತಿದ್ದಾರೆ, ಏನು ಉಟ್ಟಿದ್ದಾರೆ, ಯಾವ ಒಡವೆ ತೊಟ್ಟಿದ್ದಾರೆ, ಕೈ ಎಲ್ಲಿದೆ, ಕಣ್ಣು ಎತ್ತ ನೋಡುತ್ತಿದೆ ಎಂಬುದನ್ನೆಲ್ಲ ಅದರಲ್ಲಿ ಬರೆದಿರಬೇಕು. ಚಿತ್ರ ಬರೆಯುವವರು ಬೇರೆ ಊರಿನವರಿರಬಹುದು, ಬೇರೆ ಸಂಪ್ರದಾಯದಲ್ಲಿ ಬೆಳೆದವರಿರಬಹುದು. ನಾವು ಬರೆದು ತಿಳಿಸಿದ್ದೇ ಅವರಿಗೆ ಆಧಾರ, ನಾವು ಬಿಟ್ಟದ್ದನ್ನು ಅವರು ಟಿವಿ ಧಾರಾವಾಹಿಯಿಂದಲೋ ಕ್ಯಾಲೆಂಡರಿನಿಂದಲೋ ತುಂಬಿಕೊಳ್ಳುತ್ತಾರೆ. ಶ್ರೀರಾಮ ಪಟ್ಟಾಭಿಷೇಕದ ದೃಶ್ಯವನ್ನೇ ಮುಂದಿಟ್ಟುಕೊಂಡು ಈ ಪಾಠಗಳನ್ನು ಬರೆಯುತ್ತಿದ್ದೇನೆ. ದೇವರು, ಋಷಿಗಳು, ರಾಜರು, ವಾನರರು, ರಾಕ್ಷಸರು, ತಾಯಂದಿರು ಎಲ್ಲರೂ ಒಂದೇ ಸಭೆಯಲ್ಲಿ ಸೇರುವ ದೃಶ್ಯ ಅದು. ವಿವರಣೆಯಲ್ಲಿ ಎಲ್ಲೆಲ್ಲಿ ಎಡವಬಹುದೋ ಅವೆಲ್ಲ ಅಲ್ಲಿ ಎದುರಾಗುತ್ತವೆ.

1. ಮೊದಲು ಗಳಿಗೆಯನ್ನು ಗೊತ್ತುಮಾಡಿ

"ಪಟ್ಟಾಭಿಷೇಕದ ದೃಶ್ಯ" ಎಂದು ಬರೆದರೆ ಕಲಾವಿದರಿಗೆ ಏನೂ ಹೇಳಿದಂತಾಗುವುದಿಲ್ಲ. ವಾಲ್ಮೀಕಿಯ ಯುದ್ಧಕಾಂಡದ ಕೊನೆಯಲ್ಲಿ ಅದು ಒಂದರ ಹಿಂದೆ ಒಂದು ನಡೆಯುವ ಹಲವು ಘಟನೆಗಳ ಸಾಲು. ನಂದಿಗ್ರಾಮದಲ್ಲಿ ಭರತ ತನ್ನ ಕೈಯಾರೆ ಪಾದುಕೆಗಳನ್ನು ಅಣ್ಣನ ಪಾದಕ್ಕೆ ತೊಡಿಸುತ್ತಾನೆ. ಕ್ಷೌರಿಕರು ಬಂದು ಹದಿನಾಲ್ಕು ವರ್ಷದ ಜಟೆ ಬಿಡಿಸುತ್ತಾರೆ, ಅಣ್ಣತಮ್ಮಂದಿರಿಗೆ ಮಂಗಳಸ್ನಾನವಾಗುತ್ತದೆ. ದಶರಥನ ರಾಣಿಯರು ತಾವೇ ನಿಂತು ಸೀತೆಗೆ ಅಲಂಕಾರ ಮಾಡುತ್ತಾರೆ. ರಥದ ಮೆರವಣಿಗೆ ಅಯೋಧ್ಯೆಗೆ ಬರುತ್ತದೆ. ಮರುದಿನ ಬೆಳಿಗ್ಗೆ, ವಾನರ ವೀರರು ಬಂಗಾರದ ಕೊಡಗಳಲ್ಲಿ ತಂದ ನಾಲ್ಕು ಸಮುದ್ರಗಳ ನೀರಿನಿಂದಲೂ ಐನೂರು ನದಿಗಳ ನೀರಿನಿಂದಲೂ ಅಭಿಷೇಕ ನಡೆಯುತ್ತದೆ. ಕಿರೀಟಧಾರಣೆಯಾಗುತ್ತದೆ. ಆಮೇಲೆ ದಾನ, ಉಡುಗೊರೆ.

ಇವುಗಳಲ್ಲಿ ಒಂದೊಂದಕ್ಕೂ ಉಡುಗೆ ಬೇರೆ. ನೀರು ಸುರಿಯುತ್ತಿರುವ ಗಳಿಗೆಯಲ್ಲಿ ತಲೆಯ ಮೇಲೆ ಕಿರೀಟ ಇರುವಂತಿಲ್ಲ, ರೇಷ್ಮೆಯ ಉತ್ತರೀಯ ಗಾಳಿಗೆ ಹಾರುವಂತಿಲ್ಲ, ಕೊರಳಲ್ಲಿ ಹೂಮಾಲೆಗಳ ರಾಶಿಯೂ ಇರುವಂತಿಲ್ಲ. ಆದರೂ ಕಿರೀಟದ ಮೇಲೇ ಕಲಶದ ನೀರು ಸುರಿಯುವ ಚಿತ್ರಗಳು ಬೇಕಾದಷ್ಟಿವೆ. ಎರಡು ಗಳಿಗೆಗಳನ್ನು ವಿವರಣೆ ಬರೆದವರೇ ಬೆರೆಸಿದ್ದರಿಂದ ಆದ ಎಡವಟ್ಟು ಅದು. ನಾನು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಉಡುಗೊರೆಯ ಗಳಿಗೆಯನ್ನು, ಅದರಲ್ಲೂ ಸೀತೆ ತನ್ನ ಕೊರಳ ಮುತ್ತಿನ ಹಾರ ತೆಗೆದು ಹನುಮಂತನಿಗೆ ಕೊಡುವ ಗಳಿಗೆಯನ್ನು. ಎಲ್ಲರೂ ಪೂರ್ಣಾಲಂಕಾರದಲ್ಲಿರುತ್ತಾರೆ, ಸಭೆಯೂ ನೆರೆದಿರುತ್ತದೆ. ಒಂದು ಒಡವೆ ಕೈಯಿಂದ ಕೈಗೆ ದಾಟುವುದರಿಂದ ಚಿತ್ರಕ್ಕೆ ಚಲನೆಯೂ ಸಿಗುತ್ತದೆ.

2. ಒಂದೇ ಪಾಠವನ್ನು ಹಿಡಿಯಿರಿ

ಬೆಳ್ಗೊಡೆ ಹಿಡಿದವರು ಯಾರು? ವಾಲ್ಮೀಕಿಯಲ್ಲಿ ಶತ್ರುಘ್ನ. ಚಾಮರ ಬೀಸುವವರು ಸುಗ್ರೀವ ಮತ್ತು ವಿಭೀಷಣ. ಕಂಬನ ತಮಿಳು ರಾಮಾಯಣದಲ್ಲಾದರೆ ಕೊಡೆ ಹಿಡಿಯುವವನು ಭರತ, ಚಾಮರ ಉಳಿದಿಬ್ಬರು ತಮ್ಮಂದಿರ ಕೈಯಲ್ಲಿ, ರಾಜಖಡ್ಗ ಅಂಗದನ ಕೈಯಲ್ಲಿ, ಸಿಂಹಾಸನಕ್ಕೆ ಆಸರೆಯಾಗಿರುವವನು ಹನುಮಂತ. ಪೂಜೆಯಲ್ಲಿ ಹೇಳುವ ಧ್ಯಾನಶ್ಲೋಕಗಳಲ್ಲಿ ಮತ್ತೊಂದು ಏರ್ಪಾಟು: ಎಡಕ್ಕೆ ಸೀತೆ, ಮುಂದೆ ಹನುಮಂತ, ಹಿಂದೆ ಲಕ್ಷ್ಮಣ, ಎರಡು ಪಕ್ಕಗಳಲ್ಲಿ ಭರತ ಶತ್ರುಘ್ನರು, ನಾಲ್ಕು ಮೂಲೆಗಳಲ್ಲಿ ಸುಗ್ರೀವ, ವಿಭೀಷಣ, ಅಂಗದ, ಜಾಂಬವಂತ. ಮೈಸೂರು ಶೈಲಿಯ ಚಿತ್ರಕಾರರಿಗೆ ಧ್ಯಾನಶ್ಲೋಕವೇ ಅಳತೆಗೋಲು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ದೇವತೆಗಳ ಧ್ಯಾನಶ್ಲೋಕಗಳನ್ನೂ ಚಿತ್ರಗಳನ್ನೂ ಒಟ್ಟಿಗೆ ಕೊಡುವ ಗ್ರಂಥ.

ಇವುಗಳಲ್ಲಿ ಯಾವುದೂ ತಪ್ಪಲ್ಲ. ತಪ್ಪಾಗುವುದು ಒಂದರಿಂದ ಕೊಡೆ, ಇನ್ನೊಂದರಿಂದ ಚಾಮರ, ಮತ್ತೊಂದರಿಂದ ಖಡ್ಗ ತೆಗೆದುಕೊಂಡಾಗ. ಹಾಗೆ ಮಾಡಿದರೆ ಒಬ್ಬರ ಕೈಗೆ ಎರಡು ಕೆಲಸ ಬೀಳುತ್ತದೆ, ಇನ್ನೊಬ್ಬರು ಸುಮ್ಮನೆ ಕೈಕಟ್ಟಿ ನಿಲ್ಲುತ್ತಾರೆ. ವಿವರಣೆಯ ಮೊದಲ ಸಾಲಿನಲ್ಲೇ "ಈ ದೃಶ್ಯ ವಾಲ್ಮೀಕಿಯನ್ನು ಅನುಸರಿಸುತ್ತದೆ" ಎಂದು ಬರೆದುಬಿಡುತ್ತೇನೆ. ಆಗ ಸಂಪಾದಕರು "ಹನುಮಂತ ಮುತ್ತು ಕಚ್ಚಿ ನೋಡುವುದನ್ನೂ ಸೇರಿಸಿ" ಎಂದರೆ ಉತ್ತರ ಸಿದ್ಧವಿರುತ್ತದೆ. ಮುತ್ತು ಒಡೆದು ರಾಮನಾಮ ಹುಡುಕುವ ಕಥೆ ಭಕ್ತರ ಮನಸ್ಸಿಗೆ ಬಹಳ ಹತ್ತಿರದ್ದು, ಆದರೆ ವಾಲ್ಮೀಕಿಯಲ್ಲಿ ಇಲ್ಲ. ಅದನ್ನು ಹೇಳಬೇಕೆಂದರೆ ಬೇರೆ ಪುಟದಲ್ಲಿ ಹೇಳೋಣ. ಹಾರ ಕೊಡುವ ಗಳಿಗೆಯ ಕೃತಜ್ಞತೆಯನ್ನೂ ಹಾರ ಮುರಿಯುವ ಗಳಿಗೆಯ ಬೆರಗನ್ನೂ ಒಂದೇ ಚೌಕಟ್ಟಿನಲ್ಲಿ ತುರುಕಿದರೆ ಎರಡೂ ಕೆಡುತ್ತವೆ.

3. ಯಾರ ಎಡ, ಯಾರ ಬಲ

ಸೀತೆ ಎಡಕ್ಕೆ ಎಂದಷ್ಟೇ ಬರೆದರೆ ಕಲಾವಿದರು ಕಾಗದದ ಎಡಕ್ಕೆ ಕೂರಿಸುತ್ತಾರೆ, ಅಂದರೆ ರಾಮನ ಬಲಕ್ಕೆ. ಆದ್ದರಿಂದ ಪ್ರತಿಸಲವೂ "ರಾಮನ ಎಡಗೈ ಕಡೆಗೆ, ನೋಡುವವರಿಗೆ ಬಲಭಾಗದಲ್ಲಿ" ಎಂದು ಎರಡನ್ನೂ ಬರೆಯಬೇಕು. ಬರೆಯುವವರಿಗೆ ಬೇಸರ ಬರಬಹುದು, ಆದರೂ ಬಿಡಬಾರದು. ಚಿಕ್ಕಮಗಳೂರಿನ ಹಿರೇಮಗಳೂರು ಕೋದಂಡರಾಮ ದೇವಾಲಯದಲ್ಲಿ ಸೀತೆ ರಾಮನ ಬಲಕ್ಕೇ ನಿಂತಿದ್ದಾಳೆ. ಅದು ಕಲ್ಯಾಣದ ನಿಲುವು, ಮದುವೆಯಲ್ಲಿ ವಧು ನಿಲ್ಲುವ ಕ್ರಮ. ಅಲ್ಲಿಗೆ ಹೋಗಿ ಬಂದ ಕಲಾವಿದರೊಬ್ಬರು ಆ ನಿಲುವನ್ನೇ ಪಟ್ಟಾಭಿಷೇಕದ ಕರಡಿಗೆ ತಂದಿದ್ದರು. ಅವರು ನೋಡಿದ್ದು ಸರಿಯಾಗಿಯೇ ಇತ್ತು, ಆದರೆ ಸಂದರ್ಭ ಬೇರೆ. ಸಿಂಹಾಸನದ ಮೇಲೆ ಸೀತೆಯ ಸ್ಥಾನ ರಾಮನ ಎಡಕ್ಕೆ.

ಎತ್ತರವೂ ಇಷ್ಟೇ ಮುಖ್ಯ. ಮೂರ್ತಿಶಿಲ್ಪದ ಆಗಮಗಳಲ್ಲಿ ರಾಮನ ಪಕ್ಕದಲ್ಲಿ ನಿಂತ ಹನುಮಂತನ ಎತ್ತರ ರಾಮನ ಎದೆಗೋ ಹೊಕ್ಕುಳಿಗೋ ಸಮನಾಗಿರಬೇಕು ಎನ್ನುತ್ತಾರೆ. ಒಂದು ಕೈ ಬಾಯಿಗೆ ಅಡ್ಡವಾಗಿರಬೇಕು, ಇನ್ನೊಂದು ಇಳಿಬಿಟ್ಟಿರಬೇಕು. ಹಿರಿಯರ ಮುಂದೆ ಮಾತಾಡುವಾಗ ಉಸಿರು ತಾಗದಿರಲೆಂದು ಬಾಯಿಗೆ ಕೈ ಅಡ್ಡ ಹಿಡಿಯುವ ವಿನಯ ಅದು. ಈ ಒಂದು ಕೈಯ ಭಂಗಿಯನ್ನು ಬರೆದುಕೊಟ್ಟರೆ ಸಾಕು, ಸಿನಿಮಾದ ಮಲ್ಲನಂತೆ ಸ್ನಾಯು ಉಬ್ಬಿಸಿ ನಿಂತ ಹನುಮಂತ ಚಿತ್ರಕ್ಕೆ ಬರುವುದಿಲ್ಲ.

ವಸಿಷ್ಠರನ್ನು ಎಲ್ಲಿ ಕೂರಿಸುವುದು ಎಂಬುದು ಕಲಾವಿದರು ಕೇಳದ, ಆದರೆ ನಾವು ಹೇಳಲೇಬೇಕಾದ ವಿಷಯ. ಕುಲಗುರುವಿನ ಪೀಠ ಸಿಂಹಾಸನದ ಮೆಟ್ಟಿಲ ಕೆಳಗೆ ಇರಕೂಡದು. ರಾಮನ ಪೀಠದ ಎತ್ತರಕ್ಕೇ, ಸ್ವಲ್ಪ ಪಕ್ಕಕ್ಕೆ ಇರಲಿ. ರಾಮನ ಪಾದ ಅವರ ಕಡೆಗೆ ಚಾಚಿರಬಾರದು.

ಪುಸ್ತಕದ ಪುಟವಾದ್ದರಿಂದ ಇನ್ನೊಂದು ಮಾತು. ಎದುರುಬದುರು ಎರಡು ಪುಟಗಳಿಗೆ ಹರಡಿದ ಚಿತ್ರದಲ್ಲಿ ದೇವರನ್ನು ಸರಿಯಾಗಿ ನಡುವೆ ಕೂರಿಸಿದರೆ ಮುಖ ಹೊಲಿಗೆಯ ಸಂದಿಗೆ ಸಿಕ್ಕಿಹೋಗುತ್ತದೆ. ಸಿಂಹಾಸನವನ್ನು ಪೂರ್ತಿ ಒಂದು ಪುಟಕ್ಕೆ ಸರಿಸಿ, ಹನುಮಂತನೂ ಸಭೆಯೂ ಇನ್ನೊಂದು ಪುಟಕ್ಕೆ ಹೋಗಲಿ, ಹಾರ ಹಿಡಿದ ಕೈಗಳು ಮಾತ್ರ ಸಂದಿಯ ಹತ್ತಿರ ಬರಲಿ ಎಂದು ಮೊದಲೇ ಬರೆಯಬೇಕು. ಕಿರೀಟದ ತುದಿಗೂ ಪಾದಪೀಠಕ್ಕೂ ಪುಟದಂಚಿನಿಂದ ಎರಡು ಬೆರಳಿನಷ್ಟು ಜಾಗ ಬಿಡಿಸಿ. ಕತ್ತರಿಸುವ ಯಂತ್ರಕ್ಕೆ ಅದು ದೇವರ ಪಾದವೆಂಬುದು ತಿಳಿಯುವುದಿಲ್ಲ.

4. ಪಾದದಿಂದ ಶುರುಮಾಡಿ

ಮನುಷ್ಯರನ್ನು ವರ್ಣಿಸುವಾಗ ಮುಡಿಯಿಂದ ಅಡಿಗೆ, ದೇವತೆಗಳನ್ನು ವರ್ಣಿಸುವಾಗ ಅಡಿಯಿಂದ ಮುಡಿಗೆ ಎಂಬುದು ನಮ್ಮ ಕಾವ್ಯಪರಂಪರೆಯ ಕ್ರಮ. ನಾನು ಇದನ್ನು ಮೊದಲು ಗೌರವಕ್ಕಾಗಿ ಪಾಲಿಸಿದೆ, ಈಗ ಅನುಕೂಲಕ್ಕಾಗಿಯೂ ಪಾಲಿಸುತ್ತೇನೆ. ಮುಖದಿಂದ ಶುರುಮಾಡಿದರೆ ಬರೆಯುವವರ ಉತ್ಸಾಹವೆಲ್ಲ ಕಿರೀಟ, ಕಣ್ಣು, ನಗುವಿನಲ್ಲೇ ಮುಗಿದುಹೋಗಿ ಸೊಂಟದ ಕೆಳಗೆ "ಪೀತಾಂಬರ ಉಟ್ಟಿದ್ದಾನೆ" ಎಂಬ ಒಂದೇ ಮಾತು ಉಳಿಯುತ್ತದೆ. ಕಾಲು ಮಡಿಸಿದ್ದು ಹೇಗೆ, ನಿರಿಗೆ ಬಿದ್ದದ್ದು ಎಲ್ಲಿ, ಪಾದದ ಕೆಳಗೆ ಏನಿದೆ ಎಂಬುದನ್ನು ಕಲಾವಿದರು ಊಹಿಸಬೇಕಾಗುತ್ತದೆ. ಕೂತ ಭಂಗಿ ಕಾಲಿನಿಂದಲೇ ತೀರ್ಮಾನವಾಗುವುದರಿಂದ, ಅಡಿಯಿಂದ ಬರೆದ ವಿವರಣೆ ಕಲಾವಿದರಿಗೂ ಸುಲಭ.

ಒಡವೆಗಳನ್ನು ಹೆಸರಿಸಿದರೆ ಸಾಲದು, ಅವು ಮೈಮೇಲೆ ಎಲ್ಲಿ ಕೂರುತ್ತವೆ ಎಂಬುದನ್ನೂ ಹೇಳಬೇಕು. ನೂಪುರ ಕಣಕಾಲಿಗೆ. ಕಟಿಸೂತ್ರ ಸೊಂಟಕ್ಕೆ, ಉಟ್ಟ ಬಟ್ಟೆಯ ಮೇಲೆ. ಉದರಬಂಧ ಅದಕ್ಕಿಂತ ಮೇಲೆ, ಎದೆಯ ಕೆಳಗೆ. ಕಂಕಣ ಮಣಿಕಟ್ಟಿಗೆ. ಕೇಯೂರ ಅಥವಾ ಅಂಗದ ತೋಳಿಗೆ. ಭುಜಕೀರ್ತಿ ಹೆಗಲಿನ ಮೇಲೆ, ಯಕ್ಷಗಾನದ ವೇಷ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಕಂಠಿ ಕೊರಳಿಗೆ ಅಂಟಿದಂತೆ, ಹಾರ ಎದೆಯ ಮೇಲೆ ಇಳಿದಂತೆ. ಈ ಜಾಗಗಳನ್ನು ಹೇಳದೆ "ಸರ್ವಾಭರಣಭೂಷಿತ" ಎಂದು ಬರೆದರೆ ಏನಾಗುತ್ತದೆ? ಸಭೆಯಲ್ಲಿರುವ ಎಲ್ಲರಿಗೂ ಒಂದೇ ತೆರನ ಒಡವೆ ಬೀಳುತ್ತದೆ. ಯಾರು ಚಕ್ರವರ್ತಿ, ಯಾರು ತಮ್ಮ, ಯಾರು ಅತಿಥಿ ಎಂಬುದು ಅಳಿಸಿಹೋಗುತ್ತದೆ.

ಹೀಗಾಗಬಾರದೆಂದರೆ ಒಡವೆಗಳಲ್ಲಿ ಮೇಲುಕೆಳಗು ಇರಬೇಕು. ಎತ್ತರದ ಕಿರೀಟ ರಾಮನಿಗೆ ಮಾತ್ರ. ಸುಗ್ರೀವ ವಿಭೀಷಣರು ರಾಜರು, ಅವರಿಗೂ ಮುಕುಟವಿದೆ, ಆದರೆ ಗಿಡ್ಡನೆಯ ಕರಂಡಮುಕುಟ. ತಮ್ಮಂದಿರಿಗೆ ಇನ್ನೂ ಹಗುರವಾದದ್ದು. ಋಷಿಗಳ ಮೈಮೇಲೆ ಬಂಗಾರವೇ ಬೇಡ. ವಾಲ್ಮೀಕಿ ಹೆಸರಿಸುವ ವಸಿಷ್ಠ, ವಾಮದೇವ, ಜಾಬಾಲಿ, ಕಾಶ್ಯಪ, ಕಾತ್ಯಾಯನ, ಸುಯಜ್ಞ, ಗೌತಮ, ವಿಜಯ ಎಂಬ ಎಂಟು ಮಂದಿಯೂ ಜಟೆ, ಗಡ್ಡ, ಮಡಿಬಟ್ಟೆಗಳಲ್ಲಿದ್ದರೆ ಅವರ ನಡುವೆ ರಾಮನ ಬಂಗಾರ ಇನ್ನಷ್ಟು ಬೆಳಗುತ್ತದೆ. ಆ ದಿನ ಕೊಟ್ಟ ಉಡುಗೊರೆಗಳಂತೂ ಯಾರ ಮೈಮೇಲೆ ಏನಿರಬೇಕು ಎಂಬುದನ್ನು ತಾವೇ ಹೇಳಿಬಿಡುತ್ತವೆ. ಇಂದ್ರನ ಮಾತಿನಂತೆ ವಾಯು ತಂದುಕೊಟ್ಟ ನೂರು ಚಿನ್ನದ ತಾವರೆಗಳ ಮಾಲೆ ರಾಮನಿಗೆ. ಸೂರ್ಯನ ಕಿರಣದಂತೆ ಹೊಳೆಯುವ ಚಿನ್ನದ ಮಾಲೆ ಸುಗ್ರೀವನಿಗೆ. ವೈಡೂರ್ಯ ಕೆತ್ತಿದ ಎರಡು ತೋಳಬಂದಿಗಳು ಅಂಗದನಿಗೆ. ಅಂಗದನ ತೋಳಿನ ಮೇಲೆ ಆ ಅಂಗದಗಳು ಕಾಣಿಸಿದರೆ, ಅವನಿಗೆ ಉಡುಗೊರೆ ಸಂದು ಈಗ ಹನುಮಂತನ ಸರದಿ ಬಂದಿದೆ ಎಂಬುದು ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

5. ಉಡುಗೆಯಲ್ಲಿ ಕಾಲವನ್ನು ತೀರ್ಮಾನಿಸಿ

ಸೀತೆಗೆ ಮೂಗುಬೊಟ್ಟು ಇಡಬೇಕೆ ಬೇಡವೆ? ಮೈಸೂರು ಚಿತ್ರಗಳಲ್ಲಿ ಇದೆ, ನಮ್ಮ ಮನೆಯ ದೇವರ ಪಟದಲ್ಲೂ ಇದೆ. ಹೊಯ್ಸಳ ಶಿಲ್ಪಗಳಲ್ಲಿ ಹುಡುಕಿದರೆ ಓಲೆ, ಹಾರ, ತೋಳಬಂದಿ, ಮೇಖಲೆಗಳ ಸೂಕ್ಷ್ಮ ಕೆತ್ತನೆ ಕಣ್ಣು ತುಂಬುವಷ್ಟಿದೆ, ಮೂಗಿನ ಒಡವೆ ಮಾತ್ರ ಕಾಣುವುದಿಲ್ಲ. ಹೊಲಿದ ಕುಪ್ಪಸದ ಕಥೆಯೂ ಹೀಗೇ. ಹಳೆಯ ಶಿಲ್ಪದ ಉಡುಗೆಯನ್ನು ಇದ್ದದ್ದು ಇದ್ದಂತೆ ಮಕ್ಕಳ ಪುಸ್ತಕಕ್ಕೆ ತರಲಾಗುವುದಿಲ್ಲ, ದೇವಿಯ ಚಿತ್ರವನ್ನು ಇಂದಿನ ಭಕ್ತರು ನೋಡುವ ಕಣ್ಣೇ ಬೇರೆ.

ನಾನು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತೇನೆ. ಒಂದು, ಮೈಸೂರು ಚಿತ್ರದ ದಾರಿ: ಜರಿಯಂಚಿನ ಸೀರೆ, ತೋಳಿನ ಕುಪ್ಪಸ, ಬೈತಲೆಬೊಟ್ಟು, ತಲೆಯ ಎರಡು ಪಕ್ಕ ಸೂರ್ಯ ಚಂದ್ರ, ಮೂಗುಬೊಟ್ಟು, ವಂಕಿ, ಡಾಬು. ಇದು ಅರಮನೆಯ ಕಾಲದ ಉಡುಗೆ ಎಂದು ಒಪ್ಪಿಕೊಂಡು, ಮಂಟಪದ ಕಂಬ, ಹಾಸು, ಪರದೆಗಳನ್ನೂ ಅದೇ ಕಾಲಕ್ಕೆ ಹೊಂದಿಸಬೇಕು. ಇನ್ನೊಂದು ಶಿಲ್ಪದ ದಾರಿ: ಹೊಲಿಗೆಯಿಲ್ಲದ ಉಡುಗೆ, ಎದೆಯನ್ನು ಪೂರ್ತಿ ಮುಚ್ಚುವ ರೇಷ್ಮೆಯ ಉತ್ತರೀಯ, ಮೂಗುಬೊಟ್ಟಿಲ್ಲ, ಒಡವೆಗಳೆಲ್ಲ ಕಲ್ಲಿನ ಕೆತ್ತನೆಯಿಂದ ತೆಗೆದುಕೊಂಡವು. ಇದನ್ನು ಹಿಡಿದರೆ ಹಂಪಿಯ ಹಜಾರರಾಮ ದೇವಾಲಯದ ರಾಮಾಯಣ ಫಲಕಗಳ ಫೋಟೊಗಳನ್ನು ವಿವರಣೆಯ ಜೊತೆಗೇ ಕಳಿಸುತ್ತೇನೆ. ಎರಡು ದಾರಿಗಳ ನಡುವೆ ನಿಂತ ಚಿತ್ರ, ಅಂದರೆ ಹೊಯ್ಸಳ ಮೇಖಲೆಯ ಮೇಲೆ ಇಂದಿನ ಮದುವೆ ಸೀರೆಯ ನಿರಿಗೆ, ನೋಡುವವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ. ಏನು ಎಂದು ಅವರಿಗೆ ಹೇಳಲು ಬರುವುದಿಲ್ಲ ಅಷ್ಟೆ.

ಕೌಸಲ್ಯೆ, ಸುಮಿತ್ರೆ, ಕೈಕೇಯಿಯರ ಉಡುಗೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ದಶರಥ ತೀರಿಕೊಂಡು ವರ್ಷಗಳಾಗಿವೆ. ಅವರಿಗೆ ಕೆಂಪು ಸೀರೆ, ಮೈತುಂಬ ಒಡವೆ ಬರೆದರೆ ಕಥೆ ಮರೆತಂತೆ. ಹಾಗೆಂದು ಬಿಳಿಬಟ್ಟೆ ಸುತ್ತಿ ಕತ್ತಲ ಮೂಲೆಗೆ ನಿಲ್ಲಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಹಿಂದಿನ ದಿನ ಸೀತೆಯನ್ನು ಸಿಂಗರಿಸಿದ ಕೈಗಳು ಅವರವೇ, ವಾನರಸ್ತ್ರೀಯರಿಗೆ ಅಕ್ಕರೆಯಿಂದ ಅಲಂಕಾರ ಮಾಡಿದವಳು ಕೌಸಲ್ಯೆ. ಕೆನೆಬಣ್ಣದ ಅಥವಾ ತಿಳಿಬೂದು ಬಣ್ಣದ ರೇಷ್ಮೆ, ಸಣ್ಣ ಅಂಚು, ಹೊದ್ದ ಸೆರಗು, ಸಿಂಹಾಸನದ ಹತ್ತಿರವೇ ಆಸನ, ಮಗನ ಮೇಲೆ ನೋಟ. ಮೂವರನ್ನೂ ಒಟ್ಟಿಗೆ ಕೂರಿಸುತ್ತೇನೆ. ಕೈಕೇಯಿಯ ಮುಖವನ್ನು ತಗ್ಗಿಸಿ ಬರೆಯಿರಿ ಎಂದು ಹೇಳುವುದಿಲ್ಲ. ರಾಮ ಅವಳನ್ನು ತಾಯಿಯೆಂದೇ ಕಂಡವನು, ಚಿತ್ರ ಬರೆಯುವವರು ಅವಳಿಗೆ ಶಿಕ್ಷೆ ಕೊಡಬೇಕಾಗಿಲ್ಲ.

6. ಮೈಬಣ್ಣಕ್ಕೆ ಅಂಜಬೇಡಿ

ರಾಮ ಶ್ಯಾಮವರ್ಣದವನು. ಗರಿಕೆಯ ದಟ್ಟ ಬಣ್ಣಕ್ಕೆ, ನೀರು ತುಂಬಿದ ಮೋಡಕ್ಕೆ ಹೋಲಿಸುತ್ತಾರೆ. ಭರತನೂ ಅಣ್ಣನಂತೆಯೇ ಶ್ಯಾಮ. ಲಕ್ಷ್ಮಣ ಹೊಂಬಣ್ಣ, ಸೀತೆಯೂ ಹೊಂಬಣ್ಣ. ವಿವರಣೆಯಲ್ಲಿ ಬರೀ "ನೀಲಿ" ಎಂದರೆ ಆಕಾಶನೀಲಿ ಬರುತ್ತದೆ, ಮೈಯಲ್ಲಿ ರಕ್ತವೇ ಇಲ್ಲದಂತೆ ಕಾಣುತ್ತದೆ. "ಹಸಿರು ಛಾಯೆಯ ದಟ್ಟ ನೀಲಿ, ಕೆನ್ನೆ ಮತ್ತು ಅಂಗೈಗಳಲ್ಲಿ ಕೆಂಪು ತಾಗಿದಂತೆ" ಎಂದು ಬರೆದಾಗ ಸರಿಯಾಗಿ ಬಂದಿದೆ. ದಟ್ಟ ಮೈಬಣ್ಣದ ಮೇಲೆ ಹಳದಿ ಪೀತಾಂಬರ ಮತ್ತು ಬಂಗಾರ ತಾವಾಗಿಯೇ ಎದ್ದು ಕಾಣುತ್ತವೆ, ಮೈಬಣ್ಣ ತೆಳುವಾದಷ್ಟೂ ಒಡವೆ ಮಂಕಾಗುತ್ತದೆ. ಸೀತೆಯ ಮೈಬಣ್ಣವೇ ಹೊನ್ನಿನದಾದ್ದರಿಂದ ಅವಳ ಸೀರೆ ಹಳದಿಯಾದರೆ ಒಂದರಲ್ಲಿ ಒಂದು ಕರಗುತ್ತದೆ. ಪಟ್ಟಾಭಿಷೇಕದ ಪುಟದಲ್ಲಿ ಅವಳಿಗೆ ಕೆಂಪು ಸೀರೆ, ಹಸಿರಂಚು ಬರೆಯುತ್ತೇನೆ.

ಮುದ್ರಣದಲ್ಲಿ ಒಂದು ಎಚ್ಚರ ಬೇಕು. ನುಣುಪಿಲ್ಲದ ಕಾಗದ ಶಾಯಿ ಕುಡಿದು ದಟ್ಟ ಬಣ್ಣವನ್ನು ಇನ್ನೂ ಕಪ್ಪಾಗಿಸುತ್ತದೆ, ರಾಮನ ಹುಬ್ಬು ತುಟಿಗಳ ಗೆರೆ ಮುಳುಗಿಹೋಗುತ್ತದೆ. ಮಾದರಿ ಪುಟ ತೆಗೆಸಿ ಮೊದಲು ರಾಮನ ಮುಖವನ್ನೇ ನೋಡಬೇಕು.

7. ಮಾತಿನ ಗೌರವ

"ಭವ್ಯ", "ದಿವ್ಯ", "ಮನಮೋಹಕ" ಎಂಬ ಮಾತುಗಳು ಓದುಗರಿಗಾಗಿ ಬರೆದ ಕಥೆಯಲ್ಲಿ ಹಿತಮಿತವಾಗಿರಲಿ, ದೃಶ್ಯ ವಿವರಣೆಯಲ್ಲಿ ಬೇಡವೇ ಬೇಡ. ಅವುಗಳನ್ನು ಯಾರೂ ಕುಂಚದಿಂದ ಬರೆಯಲಾರರು. ದೇವಿಯ ವಿಷಯದಲ್ಲಿ ನನ್ನದೊಂದು ಕಟ್ಟುನಿಟ್ಟು ಇದೆ: ಬಟ್ಟೆ, ಒಡವೆ, ಹೂವು, ಕೈ, ಮುಖಭಾವ ಬರೆಯುತ್ತೇನೆ, ದೇಹದ ಆಕಾರವನ್ನು ಬರೆಯುವುದಿಲ್ಲ. ಕಾವ್ಯಕ್ಕೂ ಸ್ತೋತ್ರಕ್ಕೂ ಆ ಸ್ವಾತಂತ್ರ್ಯವಿದೆ. ಇಲ್ಲಿ ಬರೆದ ಒಂದು ವಿಶೇಷಣ ಕಲಾವಿದರ ಕೈಯಲ್ಲಿ ನೇರವಾಗಿ ಚಿತ್ರವಾಗುತ್ತದೆ. ಕನ್ನಡದಲ್ಲಿ ನಾವು ದೇವರನ್ನು ಏಕವಚನದಲ್ಲೇ ಕರೆಯುತ್ತೇವೆ, ಗುರುಗಳನ್ನು ಬಹುವಚನದಲ್ಲಿ. ರಾಮ ಕುಳಿತಿದ್ದಾನೆ, ವಸಿಷ್ಠರು ಕುಳಿತಿದ್ದಾರೆ. ಇದನ್ನು ಉದ್ದಕ್ಕೂ ಹೀಗೆಯೇ ನಡೆಸಬೇಕು.

8. ಒಂದು ಪೂರ್ತಿ ವಿವರಣೆ

ಮೇಲೆ ಹೇಳಿದ್ದೆಲ್ಲ ಒಟ್ಟಿಗೆ ಹೇಗೆ ಬರುತ್ತದೆ ಎಂಬುದಕ್ಕೆ, ನಾನು ಕಲಾವಿದರಿಗೆ ಕೊಡುವ ರೀತಿಯಲ್ಲಿ ಬರೆದ ಭಾಗ ಇದು:

"ವಾಲ್ಮೀಕಿಯನ್ನು ಅನುಸರಿಸಿದ ದೃಶ್ಯ. ಮೈಸೂರು ಶೈಲಿಯ ಉಡುಗೆ. ಬೆಳಗಿನ ಹೊತ್ತು. ಅಭಿಷೇಕ, ಕಿರೀಟಧಾರಣೆ ಎರಡೂ ಮುಗಿದಿವೆ.

ಎಡಪುಟದಲ್ಲಿ ರತ್ನದ ಪೀಠ. ರಾಮನ ಬಲಪಾದ ಕೆಳಗಿನ ಪಾದಪೀಠದ ಮೇಲಿದೆ, ಎಡಗಾಲು ಮಡಿಸಿ ಪೀಠದ ಮೇಲಿದೆ. ಬರಿಗಾಲು, ಕಣಕಾಲಿಗೆ ನೂಪುರ. ಹಳದಿ ರೇಷ್ಮೆಯ ಪೀತಾಂಬರ, ಕಚ್ಚೆ ಹಾಕಿ ಉಟ್ಟದ್ದು, ಮುಂದಿನ ನಿರಿಗೆ ಬಲ ಮೊಣಕಾಲಿನ ಒಳಬದಿಗೆ ಬಿದ್ದಿದೆ. ಬಟ್ಟೆಯ ಮೇಲೆ ಕಟಿಸೂತ್ರ. ಜನಿವಾರ ಎಡಹೆಗಲಿನಿಂದ ಬಲಸೊಂಟಕ್ಕೆ. ಎದೆಯ ಮೇಲೆ ಚಿನ್ನದ ತಾವರೆಗಳ ಮಾಲೆ, ಅದು ಜನಿವಾರವನ್ನು ಪೂರ್ತಿ ಮುಚ್ಚಬಾರದು. ತೋಳಿಗೆ ಕೇಯೂರ, ಮಣಿಕಟ್ಟಿಗೆ ಕಂಕಣ, ಕಿವಿಗೆ ಕುಂಡಲ, ಹಣೆಗೆ ತಿಲಕ, ಎತ್ತರದ ಕಿರೀಟ. ಬಲಗೈ ಸೀತೆಯ ಕಡೆಗೆ ಸ್ವಲ್ಪ ತೆರೆದಿದೆ, ಒಪ್ಪಿಗೆ ಕೊಟ್ಟಂತೆ. ನೋಟ ಸೀತೆಯ ಮೇಲೆ.

ಸೀತೆ ರಾಮನ ಎಡಗೈ ಕಡೆಗೆ, ನೋಡುವವರಿಗೆ ಬಲಭಾಗದಲ್ಲಿ, ಅದೇ ಪೀಠದ ಮೇಲೆ. ಕಾಲುಂಗುರ ಕಾಣುವಂತೆ ಪಾದ ಪಾದಪೀಠದ ಮೇಲಿದೆ. ಕೆಂಪು ರೇಷ್ಮೆ ಸೀರೆ, ಹಸಿರಂಚು. ಉಳಿದ ಒಡವೆಗಳೆಲ್ಲ ಇವೆ, ಕೊರಳಿನ ಉದ್ದದ ಮುತ್ತಿನ ಹಾರ ಮಾತ್ರ ಈಗ ಅವಳ ಎರಡೂ ಕೈಗಳಲ್ಲಿದೆ. ಕೊರಳಲ್ಲಿ ಕರಿಮಣಿಯೂ ಕಂಠಿಯೂ ಉಳಿದಿವೆ. ಮುಖ ರಾಮನ ಕಡೆಗೆ ತಿರುಗಿದೆ, ಕೈಗಳು ಹನುಮಂತನ ಕಡೆಗಿವೆ.

ಪೀಠದ ಹಿಂದೆ ಶತ್ರುಘ್ನ, ಬೆಳ್ಗೊಡೆ. ಎರಡು ಪಕ್ಕಗಳಲ್ಲಿ ಬಿಳಿ ಚಾಮರ ಹಿಡಿದ ಸುಗ್ರೀವ, ವಿಭೀಷಣ. ರಾಮನ ಬಲಕ್ಕೆ, ಅದೇ ಎತ್ತರದ ಪೀಠದಲ್ಲಿ ವಸಿಷ್ಠರು.

ಬಲಪುಟದಲ್ಲಿ ಹನುಮಂತ ಮಂಡಿಯೂರಿದ್ದಾನೆ. ಅವನ ತಲೆ ಸೀತೆಯ ಮಂಡಿಯ ಎತ್ತರಕ್ಕಿಂತ ಮೇಲೆ ಹೋಗಬಾರದು. ಎರಡೂ ಅಂಗೈ ಜೋಡಿಸಿ ಬೊಗಸೆಯಾಗಿ ಒಡ್ಡಿದ್ದಾನೆ. ಅವನ ಮೈಮೇಲೆ ಒಡವೆ ಕಡಿಮೆ."

ಹಾರವನ್ನು ಕೈಗೆ ಕೊಟ್ಟಾದ ಮೇಲೆ "ಮುತ್ತಿನ ಸಾಲು ಬೆರಳುಗಳ ನಡುವಿನಿಂದ ತನ್ನ ತೂಕಕ್ಕೆ ಜೋತುಬಿದ್ದಿರಲಿ" ಎಂದೂ ಸೇರಿಸುತ್ತೇನೆ. ಇಲ್ಲದಿದ್ದರೆ ಅದು ತಂತಿಯಂತೆ ಸೆಟೆದು ನಿಂತುಬಿಡುತ್ತದೆ. ಹನುಮಂತನಿಗೆ ಒಡವೆ ಕಡಿಮೆ ಇಡುವುದಕ್ಕೂ ಕಾರಣವಿದೆ. ಹಾರ ತೊಟ್ಟ ಹನುಮಂತನನ್ನು ವಾಲ್ಮೀಕಿ ಬೆಳದಿಂಗಳಿನಂಥ ಬಿಳಿ ಮೋಡ ಹೊದ್ದ ಬೆಟ್ಟಕ್ಕೆ ಹೋಲಿಸುತ್ತಾನೆ. ಆ ಬಿಳುಪು ಎದ್ದು ಕಾಣಬೇಕಾದರೆ ಎದೆ ಅಲ್ಲಿಯವರೆಗೆ ಖಾಲಿ ಇರಬೇಕು.

9. ಕರಡು ಬಂದಾಗ ಜನಿವಾರ ನೋಡಿ

ಪೆನ್ಸಿಲ್ ಕರಡು ಬಂದ ಕೂಡಲೇ ನನ್ನ ಕಣ್ಣು ಹೋಗುವುದು ಜನಿವಾರದ ಕಡೆಗೆ. ಪುಟವಿನ್ಯಾಸ ಮಾಡುವವರು ಅಕ್ಷರಗಳಿಗೆ ಜಾಗ ಬೇಕೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಬಿಡುತ್ತಾರೆ. ಕಂಪ್ಯೂಟರಿನಲ್ಲಿ ಒಂದು ಗುಂಡಿಯ ಕೆಲಸ ಅದು, ಭೂದೃಶ್ಯವಾದರೆ ಯಾರಿಗೂ ತಿಳಿಯುವುದೇ ಇಲ್ಲ. ದೇವರ ಚಿತ್ರ ತಿರುಗಿದರೆ ಜನಿವಾರ ಬಲಹೆಗಲಿಗೆ ಹೋಗುತ್ತದೆ, ಅದು ಪಿತೃಕಾರ್ಯದ ಕ್ರಮ. ಸೀತೆ ರಾಮನ ಬಲಕ್ಕೆ ಬರುತ್ತಾಳೆ. ಸೆರಗು ಅದಲುಬದಲಾಗುತ್ತದೆ, ಆಶೀರ್ವಾದದ ಬಲಗೈ ಎಡಗೈಯಾಗುತ್ತದೆ. ಪಟ್ಟಾಭಿಷೇಕದ ಮಂಗಳ ಗಳಿಗೆ ಶ್ರಾದ್ಧದ ಲಕ್ಷಣ ಹೊತ್ತು ಅಚ್ಚಾಗುತ್ತದೆ. ಹಾಗಾಗಿ ವಿವರಣೆಯ ತಲೆಬರಹದ ಕೆಳಗೆ "ಈ ಚಿತ್ರವನ್ನು ಯಾವ ಕಾರಣಕ್ಕೂ ತಿರುಗಿಸಬಾರದು" ಎಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ. ಜನಿವಾರ, ಸೀತೆ, ಸೆರಗು, ಬಲಗೈ ನಾಲ್ಕೂ ಒಟ್ಟಿಗೆ ತಪ್ಪಿದ್ದರೆ ಚಿತ್ರ ತಿರುಗಿದೆ ಎಂದರ್ಥ, ಮತ್ತೆ ತಿರುಗಿಸಿದರೆ ಸರಿಹೋಗುತ್ತದೆ. ಒಂದೇ ತಪ್ಪಿದ್ದರೆ ಕಲಾವಿದರಿಗೆ ಹೇಳಿ ತಿದ್ದಿಸಬೇಕು.

ಆಮೇಲೆ ಕೈಗಳನ್ನು ಎಣಿಸುತ್ತೇನೆ. ಕೊಡೆಗೆ ಒಬ್ಬರು, ಚಾಮರಕ್ಕೆ ಇಬ್ಬರು, ಹಾರ ಕೊಡುವ ಎರಡು ಕೈ, ಒಡ್ಡಿದ ಎರಡು ಕೈ. ಕೊನೆಗೆ ಕಿರೀಟಗಳ ಎತ್ತರ. ಇಷ್ಟನ್ನೂ ಬಣ್ಣ ಹಚ್ಚುವ ಮೊದಲೇ ನೋಡಿ ಮುಗಿಸಬೇಕು. ಬಣ್ಣ ಒಣಗಿದ ಮೇಲೆ ಜನಿವಾರವೊಂದನ್ನು ಸರಿಸಬೇಕಾದರೂ ಎದೆಯ ಮೇಲಿನ ಮಾಲೆ, ಉತ್ತರೀಯ, ಮೈಬಣ್ಣದ ನೆರಳು ಎಲ್ಲವನ್ನೂ ಕಲಾವಿದರು ಮೊದಲಿನಿಂದ ಬರೆಯಬೇಕಾಗುತ್ತದೆ.